ತಂಗಿಯ ಒಡವೆ ಅತ್ತೆಯ ಲಾಕರಿನಲ್ಲಿ, ಬಿಲ್ಲು ಅಪ್ಪನ ಹೆಸರಿನಲ್ಲಿ. ಕೇಳುವುದು ಯಾರು, ಹೇಗೆ?

ಮಲ್ಲೇಶ್ವರದ_ಮೈನಾ · ಭಾನುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ವಿಷಯ ನನ್ನ ತಂಗಿಯದು. 2018ರಲ್ಲಿ ಮದುವೆಯಾಯಿತು. ಛತ್ರ, ಊಟ ಎಲ್ಲಾ ನಮ್ಮ ಕಡೆಯದೇ. ಅಪ್ಪ ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ಅವಳಿಗೆ ಒಡವೆ ಮಾಡಿಸಿದರು. ಡಾಬು 96 ಗ್ರಾಂ, ಕಾಸಿನ ಸರ 48, ನೆಕ್ಲೇಸು ಜುಮುಕಿ ಸೆಟ್ 40, ಎಂಟು ಬಳೆ 64, ಲಾಂಗ್ ಚೈನು 32. ಒಟ್ಟು 280 ಗ್ರಾಂ. ಹುಡುಗನಿಗೆ ಒಂದು ಚೈನು, ಒಂದು ಉಂಗುರ ಹಾಕಿದ್ದೆವು. ಅವರ ಕಡೆಯಿಂದ ಇವಳಿಗೆ ಮಾಂಗಲ್ಯದ ಸರ ಮತ್ತು ಎರಡು ಬಳೆ.

ಮದುವೆಯಾದ ಹದಿನೈದು ದಿನಕ್ಕೆ ಅತ್ತೆ "ಮನೇಲಿ ಇಟ್ಕೊಳ್ಳೋದು ಬೇಡಮ್ಮ, ಕಾಲ ಚೆನ್ನಾಗಿಲ್ಲ" ಎಂದು ಎಲ್ಲವನ್ನೂ ತಮ್ಮ ಲಾಕರಿಗೆ ಹಾಕಿದರು. ಲಾಕರ್ ಅತ್ತೆ ಮತ್ತು ಮಗನ ಹೆಸರಿನಲ್ಲಿದೆ. ಇವಳ ಹೆಸರಿಲ್ಲ. ಹಬ್ಬಕ್ಕೆ ಮದುವೆಗೆ ತಂದುಕೊಡುತ್ತಿದ್ದರು, ಆಮೇಲೆ ವಾಪಸ್ ಇಡುತ್ತಿದ್ದರು.

ಜಗಳ ಏನು ಎತ್ತ ಎಂದು ಇಲ್ಲಿ ಬರೆಯಲ್ಲ. ಹೋದ ದಸರಾ ಮುಗಿದ ವಾರ ಅವಳು ಮಗು ಕರೆದುಕೊಂಡು, ಎರಡು ಸೂಟ್‌ಕೇಸು ಹಿಡಿದು ನಮ್ಮ ಮನೆಗೆ ಬಂದಳು. ಮೈಮೇಲೆ ಇದ್ದದ್ದು ಕರಿಮಣಿ ಸರ, ಕಿವಿಯ ಓಲೆ, ಅಷ್ಟೇ. ಈಗ ನಾಲ್ಕೂವರೆ ತಿಂಗಳಾಯಿತು. ಒಡವೆ ಕೇಳಿದರೆ ಒಂದು ಸಲ "ಅವಳೇ ತಗೊಂಡು ಹೋಗಿದ್ದಾಳೆ" ಎನ್ನುತ್ತಾರೆ. ಇನ್ನೊಂದು ಸಲ "ಅದನ್ನ ಫ್ಲ್ಯಾಟಿಗೆ ಹಾಕಿದ್ವಿ, ಅವಳಿಗೂ ಗೊತ್ತು" ಎನ್ನುತ್ತಾರೆ.

ಬಿಲ್ಲುಗಳೆಲ್ಲ ಅಪ್ಪನ ಹೆಸರಿನಲ್ಲಿವೆ. ಎರಡು ಬಿಲ್ಲು ಕಳೆದಿದೆ. ಅಪ್ಪ "ದುಡ್ಡು ನನ್ನದು, ಬಿಲ್ಲು ನನ್ನದು, ನಾನೇ ಕೇಸ್ ಹಾಕ್ತೀನಿ" ಎಂದು ಕೂತಿದ್ದಾರೆ. ಏನು ಮಾಡುವುದು?

ರಾಗಿಮುದ್ದೆ · 10:52

ಲಾಕರಿಗೆ ಹಾಕಿದ ದಿನವೇ ಒಡವೆ ಹೋಯಿತು ಅಂದ್ಕೊಳ್ಳಿ. ನಮ್ಮ ಅತ್ತಿಗೆದೂ ಇದೇ ಕತೆ.

ಗಿರಿನಗರ_ಗುಂಡಣ್ಣ · 11:05

ಮೇಡಂ, ಮೊದಲು ಒಂದು ವಿಷಯ ತಿಳ್ಕೊಳ್ಳಿ. ಮದುವೆಯಾದ ಹೆಂಗಸು 500 ಗ್ರಾಂ ತನಕ ಇಟ್ಟುಕೊಳ್ಳಬಹುದು ಅಂತ ಸರ್ಕಾರದ ರೂಲ್ ಇದೆ. ನಿಮ್ಮದು 280, ಹಾಗಾಗಿ ಅದು ಪೂರ್ತಿ ನಿಮ್ಮ ತಂಗಿಯದೇ. ಆದರೆ ಬಿಲ್ಲು ಇಲ್ಲದ ಒಡವೆಗೆ ಕೋರ್ಟಿನಲ್ಲಿ ಒಂದು ಪೈಸೆಯೂ ಸಿಗಲ್ಲ. ಬಿಲ್ಲು ಅಪ್ಪನ ಹೆಸರಲ್ಲಿದೆ ಅಂದಮೇಲೆ ಅಪ್ಪನೇ ಹಾಕಬೇಕು.

ಹಳೆ_ಫೈಲು · 11:31

ಗುಂಡಣ್ಣನವರೇ, ಮೂರು ಮಾತು ಹೇಳಿದ್ದೀರಿ, ಮೂರೂ ಎಲ್ಲೋ ಕೇಳಿದ ಹಾಗಿವೆ. 500 ಗ್ರಾಂ ಇರುವುದು ಇನ್ಕಮ್ ಟ್ಯಾಕ್ಸಿನವರಿಗೆ. ಅವರು ಮನೆ ಶೋಧಿಸುವಾಗ ಮದುವೆಯಾದ ಹೆಂಗಸಿನ ಅಷ್ಟು ಚಿನ್ನವನ್ನು ಜಪ್ತಿ ಮಾಡಬೇಡಿ ಎಂದು 1994ರಲ್ಲಿ ಅವರ ಮಂಡಳಿ ಹೇಳಿದ್ದು. ಒಡವೆ ಯಾರದು ಎಂಬುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ನಾನು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದ ಮೆಟ್ಟಿಲು ಹತ್ತಿ ಇಳಿಯುತ್ತಾ ಇಪ್ಪತ್ತು ವರ್ಷವಾಯಿತು. ಕಕ್ಷಿದಾರನಾಗಿ ಅಲ್ಲ, ವಕೀಲನಾಗಿ. ಒಡವೆ ಯಾರದು ಎಂಬುದಕ್ಕೆ ಹೆಚ್ಚು ಹೊತ್ತು ಬೇಡ. ಮದುವೆಗೆ ಮುಂಚೆ, ಮದುವೆಯಲ್ಲಿ, ಆಮೇಲೆ, ತವರಿನವರು ಕೊಟ್ಟಿರಲಿ, ಗಂಡನ ಮನೆಯವರು ಕೊಟ್ಟಿರಲಿ, ಸ್ನೇಹಿತರು ಕೊಟ್ಟಿರಲಿ, ಹುಡುಗಿಗೆ ಅಂತ ಕೊಟ್ಟದ್ದು ಹುಡುಗಿಯದು. ಅದು ಸ್ತ್ರೀಧನ. ಅತ್ತೆಯ ಲಾಕರಿನಲ್ಲಿ ಇಟ್ಟ ಮಾತ್ರಕ್ಕೆ ಅತ್ತೆಯದಾಗಲ್ಲ. ಅವರು ನಂಬಿಕೆಯ ಮೇಲೆ ಕಾಯಲು ಇಟ್ಟುಕೊಂಡವರು, ಅಷ್ಟೇ. ಕೇಳಿದಾಗ ಕೊಡದಿದ್ದರೆ ನಂಬಿಕೆದ್ರೋಹ ಎಂಬ ಅಪರಾಧವಾಗುತ್ತದೆ. ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಇದನ್ನು ಹೇಳಿಯಾಗಿದೆ. ಮನೆ ಬಿಟ್ಟು ಬಂದರೆ ಹಕ್ಕು ಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ.

ಹುಡುಗನಿಗೆ ಹಾಕಿದ ಚೈನು ಉಂಗುರ ಹುಡುಗನದು. ಅದನ್ನು ಪಟ್ಟಿಗೆ ಸೇರಿಸಬೇಡಿ. ಸೇರಿಸಿದರೆ ಉಳಿದ ಪಟ್ಟಿಯ ಮೇಲೂ ಅನುಮಾನ ಬರುತ್ತದೆ.

ಇನ್ನು ನಿಮ್ಮ ತಂದೆ. ಅವರು ಹಾಕುವುದು ಬೇಡ. 2024ರ ಆಗಸ್ಟ್‌ನಲ್ಲಿ ತೆಲಂಗಾಣದ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಮಗಳ ಒಡವೆ ವಾಪಸ್ ಕೊಡಿಸಿ ಎಂದು ಅಪ್ಪ ಬೀಗರ ಮೇಲೆ ದೂರು ಕೊಟ್ಟಿದ್ದರು. ಮಗಳು ಬದುಕಿದ್ದಾಳೆ, ತನ್ನ ವಿಷಯ ತಾನೇ ನಿರ್ಧಾರ ಮಾಡುವವಳು, ಅಪ್ಪನಿಗೆ ಅಧಿಕಾರ ಕೊಟ್ಟೂ ಇಲ್ಲ, ಹಾಗಾಗಿ ಅಪ್ಪನಿಗೆ ಕೇಳುವ ಹಕ್ಕಿಲ್ಲ ಎಂದು ಕೋರ್ಟ್ ಆ ಕೇಸನ್ನೇ ರದ್ದು ಮಾಡಿತು. ದುಡ್ಡು ಅಪ್ಪನದೇ ಇರಬಹುದು. ಮಗಳ ಕೈಗೆ ಕೊಟ್ಟ ಮೇಲೆ ವಸ್ತು ಮಗಳದು. ಅರ್ಜಿ ತಂಗಿಯ ಹೆಸರಿನಲ್ಲಿ ಹೋಗಲಿ, ಅಪ್ಪ ಸಾಕ್ಷಿಯಾಗಿ ಬರಲಿ. ಆ ಬಿಲ್ಲುಗಳಿಗೆ ಆಗ ಬೆಲೆ ಬರುತ್ತದೆ.

ಮಲ್ಲೇಶ್ವರದ_ಮೈನಾ · 11:44

ಅಪ್ಪನಿಗೆ ಓದಿ ಹೇಳಿದೆ ಸರ್. "ಹಾಗಾದ್ರೆ ನಾನು ಯಾರೂ ಅಲ್ವಾ" ಎಂದು ಟಿವಿ ಆಫ್ ಮಾಡಿ ಮಲಗಲು ಹೋದರು.

ವರನ_ಕಡೆ · ಸೋಮವಾರ ಬೆಳಿಗ್ಗೆ 7:15

ಎಲ್ಲರೂ ಒಂದೇ ಕಡೆ ಮಾತಾಡ್ತಿದ್ದೀರಿ. ನಮ್ಮ ಅಣ್ಣನ ಕೇಸಿನಲ್ಲಿ ಅತ್ತಿಗೆ ಎಲ್ಲಾ ಒಡವೆ ತಗೊಂಡೇ ಹೋದರು. ಆಮೇಲೆ ನಮ್ಮ ತಾಯಿಯ ಮೇಲೆ ಕೇಸ್ ಹಾಕಿದರು. 68 ವರ್ಷದ ಹೆಂಗಸು ಸ್ಟೇಷನ್ ಬೆಂಚಿನ ಮೇಲೆ ಇಡೀ ದಿನ ಕೂತಿದ್ದರು. ಅವರು ಕೊಟ್ಟ ಪಟ್ಟಿಯಲ್ಲಿ ನಮ್ಮ ಅಜ್ಜಿಯ ಅವಲಕ್ಕಿ ಸರವೂ ಇತ್ತು. ಅದನ್ನು ಧಾರೆ ದಿನ ಹಾಕಿಕೊಳ್ಳಲು ಕೊಟ್ಟಿದ್ದೆವು, ಅಷ್ಟೇ. ಫೋಟೋದಲ್ಲಿ ಕತ್ತಿನಲ್ಲಿದೆ ಅಂದ ಕೂಡಲೇ ಅವರದಾಗಿಬಿಡುತ್ತಾ?

ಹಳೆ_ಫೈಲು · 8:02

ಆಗಲ್ಲ. ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಕೊಟ್ಟದ್ದು ಉಡುಗೊರೆಯಾಗಿಯೋ, ಆ ದಿನದ ಮಟ್ಟಿಗೆ ಹಾಕಿಕೊಳ್ಳಲೋ ಎಂಬುದು ಪ್ರತಿ ವಸ್ತುವಿಗೂ ಬೇರೆ ಬೇರೆ ಸಾಕ್ಷಿ ಕೇಳುತ್ತದೆ. ಮನೆತನದ ಹಳೆ ಸರವನ್ನು ನಾಲ್ಕು ಸೊಸೆಯಂದಿರು ನಾಲ್ಕು ಮದುವೆಯಲ್ಲಿ ಹಾಕಿಕೊಂಡ ಫೋಟೋ ಇದ್ದರೆ ಅದು ಯಾರೊಬ್ಬರಿಗೂ ಕೊಟ್ಟದ್ದಲ್ಲ ಎಂದು ತೋರಿಸಬಹುದು. ನಿಮ್ಮ ಕೇಸಿನಲ್ಲಿ ಅಂಥ ಫೋಟೋ ಇದ್ದರೆ ನಿಮ್ಮ ವಕೀಲರಿಗೆ ಕೊಡಿ.

ಗಂಡನ ಕಡೆಯವರು "ಅವಳೇ ತಗೊಂಡು ಹೋದಳು" ಎನ್ನುವುದು ಬರೀ ನೆಪ ಅಂತಲೂ ಹೇಳಲಾಗದು. ಒಡವೆ ಸಾಮಾನ್ಯವಾಗಿ ಹೆಂಗಸಿನ ಹತ್ತಿರವೇ ಇರುತ್ತದೆ ಎಂದು ನಂಬುವ ನ್ಯಾಯಾಧೀಶರೂ ಇದ್ದಾರೆ. ಅದಕ್ಕೇ ಈ ಕೇಸುಗಳು ಗೆಲ್ಲುವುದು ಸೋಲುವುದು "ಯಾರದು" ಎಂಬಲ್ಲಿ ಅಲ್ಲ, "ಯಾರ ಕೈಗೆ ಕೊಟ್ಟೆ, ಈಗ ಯಾರ ಹತ್ತಿರ ಇದೆ" ಎಂಬಲ್ಲಿ.

ಮೈನಾ ಅವರ ತಂಗಿಗೆ ಹತ್ತಿರವಾದ ತೀರ್ಪು ಒಂದಿದೆ. 2024ರ ಏಪ್ರಿಲ್, ಕೇರಳದ ದಂಪತಿ. 89 ಪವನ್ ಚಿನ್ನ. ಮದುವೆಯ ಮೊದಲ ರಾತ್ರಿಯೇ ಗಂಡ ಎಲ್ಲಾ ಒಡವೆ ತೆಗೆದುಕೊಂಡು, ಜೋಪಾನ ಮಾಡಲು ಎಂದು ತನ್ನ ತಾಯಿಗೆ ಕೊಟ್ಟನಂತೆ. ಫ್ಯಾಮಿಲಿ ಕೋರ್ಟ್ ಹೆಂಡತಿಯ ಮಾತು ಒಪ್ಪಿತು, ಹೈಕೋರ್ಟ್ ಸಾಕ್ಷಿ ಸಾಲದು ಎಂದಿತು. ಸುಪ್ರೀಂ ಕೋರ್ಟ್ ಮತ್ತೆ ಹೆಂಡತಿಯ ಕಡೆ ನಿಂತು 25 ಲಕ್ಷ ಕೊಡಿಸಿತು. ಇಂಥ ಕಡೆ ಯಾವ ಕತೆ ಹೆಚ್ಚು ನಂಬುವಂತಿದೆ ಎಂದು ತೂಗಿದರೆ ಸಾಕು, ಕೊಲೆ ಕೇಸಿನಷ್ಟು ಗಟ್ಟಿ ಸಾಕ್ಷಿ ಬೇಕಿಲ್ಲ ಎಂದರು.

ಚಿಕ್ಕಪೇಟೆ_ಚೌಕಾಸಿ · 8:20

25 ಲಕ್ಷ! ಈಗಿನ ರೇಟಲ್ಲಿ 89 ಪವನ್ ಲೆಕ್ಕ ಹಾಕಿ ನೋಡಿ. ಗೆದ್ದೂ ಸೋತ ಹಾಗೆ.

ಲಾಕರ್_ಬೀಗ · 9:10

ಬ್ಯಾಂಕಿನಲ್ಲಿ ಕೆಲಸ ಮಾಡಿದ್ದೇನೆ, ಲಾಕರ್ ರೂಮಿನ ಕೀಲಿ ಆರು ವರ್ಷ ನನ್ನ ಕೈಯಲ್ಲಿತ್ತು. ಮೈನಾ ಅವರೇ, ಸ್ವಲ್ಪ ಅವಸರ ಮಾಡಿ.

ಲಾಕರ್ ತೆಗೆದಾಗಲೆಲ್ಲ ರಿಜಿಸ್ಟರಿನಲ್ಲಿ ದಿನ, ಹೊತ್ತು, ಸಹಿ ಇರುತ್ತದೆ. 2022ರಿಂದ ಲಾಕರ್ ತೆಗೆದ ದಿನವೇ ಗ್ರಾಹಕರಿಗೆ ಮೆಸೇಜು, ಇಮೇಲು ಹೋಗಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಸ್ಟ್ರಾಂಗ್ ರೂಮಿನ ಬಾಗಿಲ ಕ್ಯಾಮೆರಾ ರೆಕಾರ್ಡಿಂಗನ್ನು ಕಡಿಮೆ ಅಂದರೂ 180 ದಿನ ಇಟ್ಟುಕೊಳ್ಳಬೇಕು. ದಸರಾ ಆಗಿ ನಾಲ್ಕೂವರೆ ತಿಂಗಳು ಎಂದಿರಿ. ಅಂದರೆ ತಂಗಿ ಹೊರಟ ವಾರ ಲಾಕರ್ ತೆಗೆದಿದ್ದರೆ ಆ ರೆಕಾರ್ಡಿಂಗ್ ಅಳಿಸಿಹೋಗಲು ಇನ್ನು ಒಂದೂವರೆ ತಿಂಗಳಷ್ಟೇ ಇದೆ.

ನಿಮ್ಮ ತಂಗಿ ಲಾಕರಿನ ಗ್ರಾಹಕಿ ಅಲ್ಲ, ಹಾಗಾಗಿ ಕೌಂಟರಿನಲ್ಲಿ ಹೋಗಿ ಕೇಳಿದರೆ ನಾವು ಏನೂ ಹೇಳಲ್ಲ. ಬೈದರೂ ಹೇಳಲ್ಲ. ಆದರೆ ಬ್ರಾಂಚಿಗೆ ವಕೀಲರ ಮೂಲಕ ಒಂದು ಪತ್ರ ಕೊಡಿ. ಈ ಲಾಕರಿನ ಬಗ್ಗೆ ತಕರಾರಿದೆ, ರಿಜಿಸ್ಟರು ಮತ್ತು ರೆಕಾರ್ಡಿಂಗ್ ಕಾಪಾಡಿ ಎಂದು. ಒಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಆಮೇಲೆ ಕೋರ್ಟ್ ತರಿಸಿಕೊಳ್ಳುತ್ತದೆ.

ಒಂದು ಮಾತು. ಕ್ಯಾಮೆರಾದಲ್ಲಿ ಕಾಣುವುದು ಒಳಗೆ ಯಾರು ಹೋದರು, ಯಾವ ಬ್ಯಾಗ್ ಹಿಡಿದು ಬಂದರು, ಅಷ್ಟೇ. ಪೆಟ್ಟಿಗೆಯೊಳಗೆ ಏನಿತ್ತು ಎಂಬುದು ಬ್ಯಾಂಕಿಗೂ ಗೊತ್ತಿರಲ್ಲ.

ರಾಗಿಮುದ್ದೆ · 9:18

ಲಾಕರ್ ಬಾಡಿಗೆ ಪ್ರತಿ ವರ್ಷ ಏರಿಸ್ತೀರಲ್ಲ ಸ್ವಾಮಿ, ಅದರ ಬಗ್ಗೆ ಒಂದು ಮಾತಾಡಿ.

ಲಾಕರ್_ಬೀಗ · 9:21

ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನು ಬರಲ್ಲ.

ಚಿನ್ನದಂಗಡಿ_ಮಗ · 11:40

ನಮ್ಮದು ನಗರ್ತಪೇಟೆಯಲ್ಲಿ ತಾತನ ಕಾಲದ ಅಂಗಡಿ. ಕಳೆದ ಬಿಲ್ಲಿನ ಬಗ್ಗೆ ಹೇಳುತ್ತೇನೆ. 2018ರದ್ದು ಅಂದರೆ ಜಿಎಸ್‌ಟಿ ಬಂದ ಮೇಲಿನದು. ಸರಿಯಾಗಿ ಬಿಲ್ಲು ಹಾಕಿದ ಅಂಗಡಿಯಾದರೆ ಕಂಪ್ಯೂಟರಿನಲ್ಲಿ ಇರುವ ಸಾಧ್ಯತೆ ಜಾಸ್ತಿ. ಕೊಂಡವರ ಫೋನ್ ನಂಬರ್, ತಿಂಗಳು ಹೇಳಿದರೆ ಹುಡುಕಿ ಕೊಡುತ್ತಾರೆ. ಅಪ್ಪನೇ ಹೋಗಲಿ, ಬಿಲ್ಲು ಅವರ ಹೆಸರಲ್ಲಿದೆಯಲ್ಲ. ಅವರಿಗೂ ಒಂದು ಕೆಲಸ ಸಿಕ್ಕ ಹಾಗಾಗುತ್ತದೆ.

ಬಿಲ್ಲಿನಲ್ಲಿ ಒಟ್ಟು ತೂಕ, ನಿವ್ವಳ ತೂಕ ಬೇರೆ ಬೇರೆ ಬರೆದಿರುತ್ತದೆ. ಕಲ್ಲು ಹರಳು ಅರಗು ಕಳೆದು ಉಳಿಯುವ ಚಿನ್ನವೇ ನಿವ್ವಳ. ಪಟ್ಟಿಗೆ ನಿವ್ವಳವನ್ನೇ ಬರೆಯಿರಿ. ನೆಕ್ಲೇಸು ಸೆಟ್ 40 ಗ್ರಾಂ ಎಂದಿರಿ, ಅದರಲ್ಲಿ ಕೆಂಪು ಹಸಿರು ಕಲ್ಲಿದ್ದರೆ ಚಿನ್ನ ಅಷ್ಟು ಇರಲ್ಲ. ಆ ಕಡೆಯ ವಕೀಲ ಅಲ್ಲೇ ಹಿಡಿಯುತ್ತಾನೆ.

ಹಾಲ್‌ಮಾರ್ಕಿನ ಆರು ಅಕ್ಷರದ ನಂಬರ್ ಬಂದದ್ದು 2021ರಲ್ಲಿ. ನಿಮ್ಮ ಒಡವೆಗೆ ಅದು ಇರಲ್ಲ. ಇದ್ದರೂ ಅದು ಚಿನ್ನದ ಗುಣ ಹೇಳುತ್ತದೆ, ಒಡತಿಯ ಹೆಸರು ಹೇಳಲ್ಲ.

ಬಳೆ, ಚೈನು ಎಲ್ಲಾ ಅಂಗಡಿಯಲ್ಲೂ ಒಂದೇ ಥರ. ಡಾಬು ಹಾಗಲ್ಲ. ಆಚಾರಿ ಕೈಯಲ್ಲಿ ಮಾಡಿಸಿದ್ದರೆ ನಡುವಿನ ಪದಕ ನೋಡಿಯೇ ಗುರುತು ಹಿಡಿಯಬಹುದು. ಮಾಡಿದವರು ಸಿಕ್ಕರೆ ಅವರನ್ನೂ ಸಾಕ್ಷಿಗೆ ಕರೆಯಿರಿ.

ಕಾಸಿನಸರ · 2:15

ನಾನು ಇದೇ ದಾರಿಯಲ್ಲಿ ಬಂದವಳು. ಲೆಕ್ಕ ಸಮೇತ ಬರೆಯುತ್ತೇನೆ.

ನಾನು ಕೇಳಿದ್ದು 14 ವಸ್ತು, 310 ಗ್ರಾಂ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಿದೆ. ಹೊಡೆತ ಬಡಿತ ಇದ್ದರೆ ಮಾತ್ರ ಆ ಕಾಯ್ದೆ ಅಂದುಕೊಂಡಿದ್ದೆ. ಹಾಗಲ್ಲ, ನಮ್ಮ ಒಡವೆ ನಮಗೆ ಕೊಡದಿರುವುದೂ ಅದರೊಳಗೆ ಬರುತ್ತದೆ. ಸ್ತ್ರೀಧನ ವಾಪಸ್ ಕೊಡಿ ಎಂದು ಆದೇಶ ಮಾಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ನೇರವಾಗಿಯೇ ಇದೆ. ತವರಿನಲ್ಲಿ ಈಗ ಎಲ್ಲಿ ಇದ್ದೇವೋ ಅಲ್ಲಿನ ಕೋರ್ಟಿನಲ್ಲೇ ಹಾಕಬಹುದು.

ಮೊದಲ ತಿಂಗಳಲ್ಲೇ ಮಧ್ಯಂತರ ಆದೇಶ ಸಿಕ್ಕಿತು. ಕೇಸು ಮುಗಿಯುವ ತನಕ ಲಾಕರ್ ತೆಗೆಯಬಾರದು, ಒಡವೆ ಮಾರಬಾರದು ಅಡ ಇಡಬಾರದು ಎಂದು. ನನಗೆ ಮೊದಲು ಸಿಕ್ಕ ಉಸಿರು ಅದು. ಆದರೆ ಬ್ಯಾಂಕಿನ ರಿಜಿಸ್ಟರ್ ತರಿಸಿದಾಗ ಗೊತ್ತಾಯಿತು, ನಾನು ಮನೆ ಬಿಟ್ಟ ಮೂರನೇ ದಿನವೇ ಅಮ್ಮ ಮಗ ಹೋಗಿ ತೆಗೆದಿದ್ದರು. ಲಾಕರಿನಲ್ಲಿ ಏನೂ ಇರಲಿಲ್ಲ. ಆದರೆ ಆ ಸಹಿಯೇ ನನಗೆ ಸಾಕ್ಷಿಯಾಯಿತು. ನಾನೇ ತಗೊಂಡು ಹೋಗಿದ್ದರೆ ಮೂರನೇ ದಿನ ಓಡಿಹೋಗಿ ನೋಡಿದ್ದು ಏನನ್ನು ಎಂದು ಜಡ್ಜ್ ಕೇಳಿದರು. ಉತ್ತರ ಬರಲಿಲ್ಲ.

ಈಗ 310ರ ಕತೆ. ಒಂಬತ್ತು ವಸ್ತುವಿಗೆ ಬಿಲ್ಲಿತ್ತು, 196 ಗ್ರಾಂ. ಅಷ್ಟೂ ಒಪ್ಪಿದರು. ಮೂರು ವಸ್ತುವಿಗೆ ಬಿಲ್ಲಿಲ್ಲ, ಬರೀ ಮದುವೆ ಫೋಟೋ, 62 ಗ್ರಾಂ. ಅದರಲ್ಲಿ ಬಳೆ ಜೋಡಿ ಮತ್ತು ಜುಮುಕಿ ನಮ್ಮ ಸೋದರಮಾವ ಕೊಟ್ಟದ್ದು. ಅವರೇ ಬಂದು ಸಾಕ್ಷಿ ಹೇಳಿದರು, ಮುಯ್ಯಿ ಪುಸ್ತಕದಲ್ಲೂ ಬರೆದಿತ್ತು. ಆ 38 ಗ್ರಾಂ ಸಿಕ್ಕಿತು. ಉಳಿದ 24 ಗ್ರಾಂ ಚೈನು ಹೋಯಿತು. ಯಾಕೆ ಗೊತ್ತಾ? ಮನೆ ಬಿಟ್ಟು ಬಂದ ಮೇಲೆ ಗೆಳತಿಯ ಸೀಮಂತದಲ್ಲಿ ನಾನು ಅದನ್ನೇ ಹಾಕಿಕೊಂಡಿದ್ದ ಫೋಟೋ ಇನ್‌ಸ್ಟಾಗ್ರಾಮಿನಲ್ಲಿತ್ತು. ಸುಳ್ಳು ಹೇಳಬೇಕೆಂದಲ್ಲ, ಪಟ್ಟಿ ಮಾಡುವಾಗ ಅಮ್ಮ ಮದುವೆ ಆಲ್ಬಮ್ ನೋಡಿ ಎಲ್ಲಾ ಬರೆಸಿದ್ದರು. ಆ ಒಂದು ಚೈನಿನಿಂದ ನನ್ನನ್ನು ಎರಡು ದಿನ ಪ್ರಶ್ನೆ ಕೇಳಿ ಸುಸ್ತು ಮಾಡಿದರು.

ಕೊನೆಯ ಎರಡು ವಸ್ತು, 52 ಗ್ರಾಂ, ಅತ್ತೆ ಕೊಟ್ಟದ್ದು. ಕೊಟ್ಟದ್ದು ಎಂದು ನಾನು, ಹಾಕಿಕೊಳ್ಳಲು ಕೊಟ್ಟದ್ದು ಎಂದು ಅವರು. ಸಾಕ್ಷಿ ಇರಲಿಲ್ಲ, ಬಿಟ್ಟೆ. ಒಟ್ಟು ಆದೇಶ ಆದದ್ದು 234 ಗ್ರಾಂ. ಅದರಲ್ಲಿ 171 ಗ್ರಾಂ ವಸ್ತುವಾಗಿಯೇ ಬಂತು. 63 ಗ್ರಾಂ ಕರಗಿಸಿಯಾಗಿತ್ತು, ಅದಕ್ಕೆ ಕೊಡುವ ದಿನದ ರೇಟಿನಲ್ಲಿ ದುಡ್ಡು.

ಅರ್ಜಿಗಳನ್ನು 60 ದಿನದಲ್ಲಿ ಮುಗಿಸಲು ನೋಡಬೇಕು ಎಂದು ಕಾಯ್ದೆ ಹೇಳುತ್ತದೆ. ನನಗೆ ಹಿಡಿದದ್ದು ಎರಡು ವರ್ಷ ನಾಲ್ಕು ತಿಂಗಳು.

ಚಿಕ್ಕಪೇಟೆ_ಚೌಕಾಸಿ · 2:31

ಕೊಡುವ ದಿನದ ರೇಟು ಎಂದು ಹೇಗೆ ಸಿಕ್ಕಿತು ಅಕ್ಕ? ನಮ್ಮ ನೆಂಟರಿಗೆ ಮದುವೆ ದಿನದ ಬಿಲ್ಲಿನ ಮೊತ್ತ ಅಷ್ಟೇ ಕೊಟ್ಟರು.

ಕಾಸಿನಸರ · 2:40

ನಮ್ಮ ವಕೀಲರು ಅರ್ಜಿಯಲ್ಲೇ ಹಾಗೆ ಬರೆದಿದ್ದರು. "ಒಡವೆಯನ್ನೇ ಕೊಡಿ, ಇಲ್ಲವಾದರೆ ಅಷ್ಟೇ ತೂಕದ ಚಿನ್ನದ ಕೊಡುವ ದಿನದ ಬೆಲೆ ಕೊಡಿ" ಎಂದು. ನಿಮ್ಮ ನೆಂಟರು ರೂಪಾಯಿ ಲೆಕ್ಕದಲ್ಲಿ ಕೇಳಿರಬೇಕು. 2018ರ ಹೊತ್ತಿಗೆ ಗ್ರಾಂ ಮೂರು ಸಾವಿರದ ಆಸುಪಾಸು ಇತ್ತು. ಆ ರೇಟಿನಲ್ಲಿ ತಗೊಂಡು ಈಗ ಅಂಗಡಿಗೆ ಹೋದರೆ ಡಾಬಿನ ಕೊಂಡಿಯೂ ಬರಲ್ಲ.

ಶಿವಾಜಿನಗರದ_ಸಾರಾ · 4:05

ಇದೆಲ್ಲಾ ಹಿಂದೂಗಳಿಗೆ ಮಾತ್ರವಾ? ನನ್ನ ಅಕ್ಕನಿಗೆ ತಲಾಖ್ ಆಗಿ ವರ್ಷವಾಯಿತು. ಮೆಹರ್ ಕೊಟ್ಟರು, ಒಡವೆ ಕೊಟ್ಟಿಲ್ಲ. ಮೆಹರ್ ಕೊಟ್ಟಾಯಿತಲ್ಲ ಎನ್ನುತ್ತಾರೆ.

ಹಳೆ_ಫೈಲು · 4:48

ಅಲ್ಲ ಸಾರಾ ಅವರೇ. ಕಾಸಿನಸರ ಅವರು ಹೇಳಿದ ಕಾಯ್ದೆ ಎಲ್ಲಾ ಧರ್ಮದವರಿಗೂ ಇದೆ. ಅದಲ್ಲದೆ ತಲಾಖ್ ಆದ ಮುಸ್ಲಿಂ ಹೆಂಗಸರಿಗೆ 1986ರ ಕಾಯ್ದೆಯಿದೆ. ಮದುವೆಗೆ ಮುಂಚೆ, ಮದುವೆಯಲ್ಲಿ, ಆಮೇಲೆ ತವರಿನವರು, ಗಂಡ, ಗಂಡನ ನೆಂಟರು, ಸ್ನೇಹಿತರು ಕೊಟ್ಟ ಎಲ್ಲವೂ ಆಕೆಯದು ಎಂದು ಅದರ ಮೂರನೇ ಕಲಮು ಹೇಳುತ್ತದೆ. ಮೆಹರ್ ಅದೇ ಕಲಮಿನಲ್ಲಿ ಬೇರೆಯಾಗಿ ಇದೆ. ಒಂದು ಕೊಟ್ಟರೆ ಇನ್ನೊಂದು ತೀರುವುದಿಲ್ಲ.

ಗಿರಿನಗರ_ಗುಂಡಣ್ಣ · 5:30

500 ಗ್ರಾಂ ವಿಷಯ ಒಪ್ಪಿದೆ. ಆದರೆ ಕಾಸಿನಸರ ಅಕ್ಕನ ಹಾಗೆ ಎರಡು ವರ್ಷ ಅಲೆಯುವುದಕ್ಕಿಂತ ಪೊಲೀಸ್ ಕಂಪ್ಲೇಂಟ್ ಕೊಡಿ. ಒಂದು ಎಫ್‌ಐಆರ್ ಬಿದ್ದರೆ ಮಾರನೇ ದಿನ ಡಬ್ಬಿ ಸಮೇತ ತಂದಿಡ್ತಾರೆ. ನಮ್ಮ ಏರಿಯಾದಲ್ಲಿ ಕಣ್ಣಾರೆ ನೋಡಿದ್ದೇನೆ.

ಹಳೆ_ಫೈಲು · 6:12

ಇದರಲ್ಲಿ ಅರ್ಧ ನಿಜ. ನಂಬಿಕೆದ್ರೋಹಕ್ಕೆ ಹಳೆಯ ದಂಡ ಸಂಹಿತೆಯಲ್ಲಿ 406ನೇ ಕಲಮು, ಈಗಿನ ನ್ಯಾಯ ಸಂಹಿತೆಯಲ್ಲಿ 316. ಐದು ವರ್ಷದ ತನಕ ಶಿಕ್ಷೆ ಇದೆ, ಹೆದರಿ ಕೊಡುವವರೂ ಇದ್ದಾರೆ. ಆದರೆ ಕೊಡದಿದ್ದರೆ? ಅಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕು. ಅದು ಭಾರದ ಕೆಲಸ. ನಾನಾದರೆ ಮೊದಲು ನೋಟಿಸ್, ಆಮೇಲೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ, ಅದರ ಜೊತೆಯಲ್ಲೇ ಲಾಕರಿಗೆ ತಡೆ ಕೇಳುತ್ತೇನೆ. ದೂರು ಕೈಯಲ್ಲಿರುವ ಇನ್ನೊಂದು ದಾರಿ. ಬೇರೆ ವಕೀಲರು ಬೇರೆ ಹೇಳಬಹುದು, ಜಗಳವಾಡಲ್ಲ.

ನೋಟಿಸ್ ಯಾಕೆ ಮೊದಲು ಎಂದರೆ, ಉತ್ತರ ಬರೆಯಲೇಬೇಕೆಂದಾಗ ಅವರು ಒಂದು ಕತೆ ಹಿಡಿಯಬೇಕು. ಈಗ ಬಾಯಲ್ಲಿ ಎರಡು ಹೇಳುತ್ತಿದ್ದಾರಲ್ಲ, ಅವಳೇ ತಗೊಂಡು ಹೋದಳು, ಫ್ಲ್ಯಾಟಿಗೆ ಹಾಕಿದೆವು. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಫ್ಲ್ಯಾಟಿಗೆ ಹಾಕಿದೆವು ಎಂದು ಬರೆದರೆ ಒಡವೆ ತಮ್ಮ ಕೈಯಲ್ಲಿತ್ತು ಎಂದು ಒಪ್ಪಿದ ಹಾಗೆ. ಕಷ್ಟಕ್ಕೆ ಗಂಡ ಹೆಂಡತಿಯ ಒಡವೆ ಬಳಸಿದರೂ ವಾಪಸ್ ಕೊಡುವ ಹೊಣೆ ಅವನ ಮೇಲೇ ಇರುತ್ತದೆ.

ವರನ_ಕಡೆ · 6:40

ಅಣ್ಣ ಅತ್ತಿಗೆ ಇಬ್ಬರೂ ಸೇರಿ ಇಎಂಐ ಕಟ್ಟಿದ ಮನೆ ಆಗಿದ್ದರೂನಾ? ಅವಳೂ ಅದೇ ಮನೆಯಲ್ಲಿ ಇದ್ದಳಲ್ಲ.

ಹಳೆ_ಫೈಲು · 6:55

ಆಕೆ ಒಪ್ಪಿ ಕೊಟ್ಟಳಾ, ಫ್ಲ್ಯಾಟಿನಲ್ಲಿ ಆಕೆಯ ಹೆಸರಿದೆಯಾ ಎಂಬುದರ ಮೇಲೆ ಹೋಗುತ್ತದೆ. ಇದಕ್ಕೆ ಒಂದೇ ಸಾಲಿನ ಉತ್ತರ ನನ್ನ ಹತ್ತಿರ ಇಲ್ಲ.

ಬಸವನಗುಡಿ_ಬೆಣ್ಣೆ · 7:20

ಮುಯ್ಯಿ ದುಡ್ಡು, ಬೆಳ್ಳಿ ತಟ್ಟೆ, ಫ್ರಿಜ್ಜು ಯಾರದು ಅಂತ ಯಾರೂ ಹೇಳಲೇ ಇಲ್ಲ. ನಮ್ಮನೇಲಿ ಜಗಳ ಆಗಿದ್ದು ಮಿಕ್ಸಿಗೆ! ಏಳು ಮಿಕ್ಸಿ ಬಂದಿತ್ತು ರಿಸೆಪ್ಷನ್ನಿಗೆ.

ಹಳೆ_ಫೈಲು · 7:41

ಇಬ್ಬರಿಗೂ ಸೇರಿಸಿ ಕೊಟ್ಟದ್ದು ಇಬ್ಬರದು. ಹಿಂದೂ ವಿವಾಹ ಕಾಯ್ದೆಯ 27ನೇ ಕಲಮಿನಲ್ಲಿ ಡಿವೋರ್ಸ್ ಕೋರ್ಟೇ ಅದನ್ನು ಹಂಚಬಹುದು. ಏಳು ಮಿಕ್ಸಿಯನ್ನು ಹೇಗೆ ಹಂಚುತ್ತಾರೋ ನನಗೆ ಗೊತ್ತಿಲ್ಲ.

ಕಾಸಿನಸರ · 8:30

ಒಂದು ಮುಖ್ಯ ವಿಷಯ ಮರೆತೆ. ಸಹಿ. ನನ್ನನ್ನು ಕೌನ್ಸೆಲಿಂಗಿಗೆ ಕರೆದಾಗ ಒಂದು ಚೀಲದಲ್ಲಿ ಬಟ್ಟೆ, ನನ್ನ ಸರ್ಟಿಫಿಕೇಟುಗಳು, ಒಂದು ಜೊತೆ ಓಲೆ ತಂದುಕೊಟ್ಟರು. ಜೊತೆಗೆ ಒಂದು ಹಾಳೆ. "ನನ್ನ ಎಲ್ಲಾ ವಸ್ತುಗಳು ತಲುಪಿವೆ" ಎಂದು ಬರೆದಿತ್ತು. ಸುಸ್ತಾಗಿತ್ತು, ಮನೆಗೆ ಹೋದರೆ ಸಾಕಾಗಿತ್ತು. ಪೆನ್ನು ಹಿಡಿದಿದ್ದೆ. ಪಕ್ಕದಲ್ಲಿದ್ದ ಚಿಕ್ಕಮ್ಮ ಹಾಳೆ ಕಿತ್ತುಕೊಂಡು "ಎಲ್ಲಾ" ಎಂಬುದನ್ನು ಹೊಡೆದು, ಬಂದದ್ದು ಏನೇನು ಎಂದು ಒಂದೊಂದಾಗಿ ಬರೆದು, ಕೆಳಗೆ "ಒಡವೆ ಬಂದಿಲ್ಲ" ಎಂದು ಸೇರಿಸಿದರು. ಆಮೇಲೆ ಸಹಿ ಹಾಕಿದೆ.

ಹಳೆ_ಫೈಲು · 8:52

ಆ ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳಿ. ಇಬ್ಬರೂ ಒಪ್ಪಿ ಡಿವೋರ್ಸ್ ಹಾಕುವಾಗಲೂ ಇದೇ ಗುಂಡಿ. "ಒಡವೆ, ಸಾಮಾನು ಎಲ್ಲಾ ಬದಲಾಯಿಸಿಕೊಂಡಾಗಿದೆ, ಮುಂದೆ ಯಾವ ಕ್ಲೇಮೂ ಇಲ್ಲ" ಎಂಬ ಸಾಲು ಅರ್ಜಿಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಒಡವೆ ಕೈಗೆ ಬರುವ ಮುಂಚೆ ಅದಕ್ಕೆ ಸಹಿ ಬಿದ್ದರೆ ಮತ್ತೆ ಕೇಳುವುದು ಬಹಳ ಕಷ್ಟ. ಮೇಲೆ ಹೇಳಿದ ತೆಲಂಗಾಣದ ಪ್ರಕರಣದಲ್ಲೂ ಬೇರ್ಪಡುವಾಗಲೇ ವಸ್ತುಗಳ ಲೆಕ್ಕ ಚುಕ್ತಾ ಆಗಿದೆ ಎಂಬ ಒಪ್ಪಂದವಿತ್ತು.

ಜೀವನಾಂಶ ಕೊಟ್ಟೆವಲ್ಲ ಎನ್ನುವುದು ಮಾತ್ರ ಉತ್ತರವಲ್ಲ. ಜೀವನಾಂಶ ಬೇರೆ, ಸ್ತ್ರೀಧನ ಬೇರೆ.

ಮಲ್ಲೇಶ್ವರದ_ಮೈನಾ · ಮಂಗಳವಾರ ರಾತ್ರಿ 9:50

ಎಲ್ಲರಿಗೂ ಥ್ಯಾಂಕ್ಸ್. ಇವತ್ತಿನ ಸುದ್ದಿ.

ಅಪ್ಪ ಬೆಳಿಗ್ಗೆಯೇ ಅಂಗಡಿಗೆ ಹೋಗಿ ಕಳೆದಿದ್ದ ಎರಡು ಬಿಲ್ಲಿನಲ್ಲಿ ಒಂದನ್ನು ತಂದರು. ಡಾಬಿನದು. ನಿವ್ವಳ 93 ಗ್ರಾಂ ಇದೆ, 96 ಅಲ್ಲ. ನೆಕ್ಲೇಸು ಸೆಟ್ ಬಿಲ್ಲು ನಮ್ಮಲ್ಲೇ ಇತ್ತು. ಚಿನ್ನದಂಗಡಿಯವರು ಹೇಳಿದ್ದು ಸರಿ, ಕಲ್ಲು ಕಳೆದರೆ 34. ಪಟ್ಟಿ ತಿದ್ದಿದೆವು. 280 ಹೋಗಿ 271 ಆಯಿತು.

ಇನ್ನೊಂದು. ತಂಗಿ ಹಳೆಯ ಮೆಸೇಜು ನೋಡುತ್ತಾ ಕೂತಿದ್ದಳು. ಗಂಡನ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹೋದ ವರ್ಷದ ವರಮಹಾಲಕ್ಷ್ಮಿ ಹಬ್ಬದ ಫೋಟೋ ಇದೆ. ಅತ್ತೆಯೇ ಹಾಕಿದ್ದು. ಕಳಶಕ್ಕೆ ಸೀರೆ ಉಡಿಸಿ, ಸೊಂಟಕ್ಕೆ ಇವಳ ಡಾಬು, ಕತ್ತಿಗೆ ಇವಳ ಕಾಸಿನ ಸರ. ಕೆಳಗೆ "ಲಾಕರಿಂದ ಎಲ್ಲಾ ತಂದು ಅಮ್ಮನೋರಿಗೆ ಹಾಕಿದೀನಿ, ಹೇಗಿದೆ ಹೇಳಿ" ಎಂದು ಬರೆದಿದ್ದಾರೆ. ಇವಳೂ ಎರಡು ಕೈ ಮುಗಿದ ಚಿತ್ರ ಕಳಿಸಿದ್ದಾಳೆ.

ಹಳೆ_ಫೈಲು · 10:04

ಇದು ಹತ್ತು ಬಿಲ್ಲಿಗೆ ಸಮ. ಹಬ್ಬ ಬಂದದ್ದು ಆಗಸ್ಟಿನಲ್ಲಿ, ಆಕೆ ಹೊರಟದ್ದು ದಸರಾ ಆದಮೇಲೆ. ಒಡವೆ ಯಾರ ಲಾಕರಿನಲ್ಲಿತ್ತು ಎಂದು ಅತ್ತೆಯೇ ಬರೆದುಕೊಟ್ಟಿದ್ದಾರೆ. ನಡುವಿನ ಎರಡು ತಿಂಗಳಲ್ಲಿ ಅವಳೇ ತೆಗೆದುಕೊಂಡಳು ಎಂದು ವಾದ ಮಾಡಬಹುದು, ಆದರೆ ಲಾಕರಿಗೆ ಅವಳ ಹೆಸರೇ ಇಲ್ಲ.

ಸ್ಕ್ರೀನ್‌ಶಾಟ್ ಒಂದೇ ಸಾಲದು. ಆ ಫೋನನ್ನು ಹಾಗೇ ಇಡಿ, ಮಾರಬೇಡಿ, ರೀಸೆಟ್ ಮಾಡಬೇಡಿ. ಗುಂಪಿನಿಂದ ಹೊರಗೆ ಬರಬೇಡಿ. ಮೆಸೇಜನ್ನು ಕೋರ್ಟಿಗೆ ಕೊಡುವಾಗ ಅದರ ಜೊತೆ ಒಂದು ಪ್ರಮಾಣಪತ್ರ ಬೇಕು, ವಕೀಲರಿಗೆ ಗೊತ್ತಿರುತ್ತದೆ.

ವರನ_ಕಡೆ · 10:15

ನಮ್ಮ ಅಮ್ಮನ ಫೋನಲ್ಲೂ ಇಂಥ ಫೋಟೋ ಇದೆಯಾ ಅಂತ ಈಗಲೇ ನೋಡ್ತೀನಿ. ಅಜ್ಜಿಯ ಸರ ಪ್ರತಿ ವರ್ಷ ಕಳಶಕ್ಕೇ ಹಾಕ್ತಿದ್ದದ್ದು.

ಲಾಕರ್_ಬೀಗ · 10:22

ಮೈನಾ ಅವರೇ, ಬ್ಯಾಂಕಿಗೆ ಪತ್ರ ಹೋಯಿತಾ?

ಮಲ್ಲೇಶ್ವರದ_ಮೈನಾ · 10:30

ನಾಳೆ ಬೆಳಿಗ್ಗೆ ವಕೀಲರ ಹತ್ತಿರ ಹೋಗಿ ಅಲ್ಲಿಂದ ನೇರ ಬ್ಯಾಂಕಿಗೆ. ಮದುವೆ ವಿಡಿಯೋನೂ ತಗೊಂಡು ಬನ್ನಿ ಎಂದಿದ್ದಾರೆ. ಅದು ಡಿವಿಡಿಯಲ್ಲಿದೆ. ಮನೆಯಲ್ಲಿ ಯಾರ ಲ್ಯಾಪ್‌ಟಾಪಿನಲ್ಲೂ ಡಿವಿಡಿ ಹಾಕುವ ಜಾಗವೇ ಇಲ್ಲ!

ರಾಗಿಮುದ್ದೆ · 10:33

ಎಸ್‌.ಪಿ. ರೋಡಿಗೆ ಹೋಗಿ. ಯುಎಸ್‌ಬಿಗೆ ಚುಚ್ಚುವ ಡ್ರೈವ್ ಸಿಗುತ್ತೆ. ಅಪ್ಪನನ್ನು ಕಳಿಸಿ, ಚೌಕಾಸಿ ಚೆನ್ನಾಗಿ ಮಾಡ್ತಾರೆ.